ಕ್ಷೇತ್ರ ಸಂಯೋಜಕರು ಬೇಕಾಗಿದ್ದಾರೆ: ಪುಟ್ಟ ಪ್ರಕಟಣೆಯಲ್ಲಿ ಇರಬೇಕಾದ ಮೂರು ಮಾತು

ಸ್ವಯಂಸೇವಾ ಸಂಸ್ಥೆಯ ಕ್ಷೇತ್ರ ಸಂಯೋಜಕರ ಹುದ್ದೆಗೆ ಹೊರಡಿಸುವ ಪ್ರಕಟಣೆ ಹತ್ತು ಸಾಲು ದಾಟುವುದು ಅಪರೂಪ. ಊರಿನ ಕಾರ್ಯಕರ್ತರು ಮತ್ತು ಸಂಸ್ಥೆಯ ಕಚೇರಿಯ ನಡುವೆ ನಿಂತು ಕೆಲಸ ನಡೆಸುವವರೇ ಕ್ಷೇತ್ರ ಸಂಯೋಜಕರು. ಓದಿದ ವ್ಯಕ್ತಿ ತನಗಿದು ಹೊಂದುತ್ತದೆಯೇ ಎಂದು ನಿರ್ಧರಿಸಲು ಮೂರು ಸಂಗತಿಗಳು ಸಾಕು: ಕೆಲಸ ಏನು ಮತ್ತು ಎಲ್ಲಿ, ಯಾವ ಭಾಷೆ ಬೇಕು, ಎಷ್ಟು ಓಡಾಟ. ಹೆಚ್ಚಿನ ಪ್ರಕಟಣೆಗಳು ಸೋಲುವುದೂ ಇವುಗಳಲ್ಲೇ.

ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲ್ಲೂಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆರು ವರ್ಷದೊಳಗಿನ ಮಕ್ಕಳ ಅಪೌಷ್ಟಿಕತೆ ಕುರಿತು ಅಲ್ಲಿ ಕೆಲಸ ಮಾಡುವ ಸಂಸ್ಥೆಯೊಂದಕ್ಕೆ ಸಂಯೋಜಕರು ಬೇಕಾಗಿದ್ದಾರೆ ಎಂದುಕೊಳ್ಳೋಣ. ‘ಆರೋಗ್ಯ ಕ್ಷೇತ್ರದಲ್ಲಿ ಆಸಕ್ತಿ ಇರುವವರು’ ಎಂದು ಬರೆದರೆ ನರ್ಸಿಂಗ್ ಓದಿದವರಿಂದ ಹಿಡಿದು ಔಷಧ ಮಾರುವವರವರೆಗೆ ಎಲ್ಲರೂ ಅರ್ಜಿ ಹಾಕುತ್ತಾರೆ. ನಿಜವಾದ ಕೆಲಸ ಬೇರೆ. ಅಂಗನವಾಡಿಗೆ ಹೋಗಿ ತೂಕದ ದಾಖಲೆ ನೋಡಬೇಕು. ಮಕ್ಕಳ ತೋಳಿಗೆ ಅಳತೆಪಟ್ಟಿ ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಅದು ತೀವ್ರ ಅಪೌಷ್ಟಿಕತೆ ಎಂದು ಗುರುತಿಸಿ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಲು ಮನೆಯವರನ್ನು ಒಪ್ಪಿಸಬೇಕು. ಈ ಒಪ್ಪಿಸುವ ಕೆಲಸವೇ ಎಲ್ಲಕ್ಕಿಂತ ಕಷ್ಟ. ಮಗುವಿನೊಂದಿಗೆ ತಾಯಿ ಸುಮಾರು ಎರಡು ವಾರ ಅಲ್ಲೇ ಉಳಿಯಬೇಕಾಗುತ್ತದೆ; ಅಷ್ಟು ದಿನ ಕೂಲಿ ತಪ್ಪುತ್ತದೆ, ಮನೆಯಲ್ಲಿರುವ ಉಳಿದ ಮಕ್ಕಳನ್ನು ನೋಡುವವರು ಇರುವುದಿಲ್ಲ.

ಭಾಷೆಯ ಸಾಲಿಗೆ ಮಹತ್ವ ಬರುವುದು ಈ ಮಾತುಕತೆಯಿಂದಲೇ. ‘ಕನ್ನಡ, ಹಿಂದಿ, ಇಂಗ್ಲಿಷ್ ಕಡ್ಡಾಯ’ ಎಂಬುದು ರೂಢಿಯಾಗಿ ಬಂದ ಸಾಲು. ಗುರುಮಠಕಲ್ ತೆಲಂಗಾಣದ ಗಡಿಯಲ್ಲಿದೆ. ಹಲವು ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ತಾಯಿಯ ಜೊತೆ ಅವಳ ಮನೆಮಾತಿನಲ್ಲಿ ಮಾತನಾಡಬಲ್ಲವರು, ಇಂಗ್ಲಿಷ್ ಬರುವುದಿಲ್ಲವೆಂದು ಈ ಸಾಲು ನೋಡಿಯೇ ಹಿಂದೆ ಸರಿಯುತ್ತಾರೆ. ಇದು ದೊಡ್ಡ ನಷ್ಟ. ಯಾವ ಭಾಷೆ ಯಾವ ಕೆಲಸಕ್ಕೆ ಎಂದು ಬಿಡಿಸಿ ಬರೆದರೆ ಇದು ತಪ್ಪುತ್ತದೆ. ಸಿಡಿಪಿಒ ಕಚೇರಿಗೆ ಪತ್ರ ಬರೆಯಲು, ಸಭೆಯ ನಡಾವಳಿ ದಾಖಲಿಸಲು ಕನ್ನಡದಲ್ಲಿ ಓದು–ಬರಹ ಬೇಕೇ ಬೇಕು. ತೆಲುಗು ಅಥವಾ ಲಂಬಾಣಿ ಮಾತನಾಡಲು ಬಂದರೆ ಸಾಕು. ಲಂಬಾಣಿಗಂತೂ ಸ್ವಂತ ಲಿಪಿಯಿಲ್ಲ. ಹಣ ಕೊಡುವವರಿಗೆ ಇಂಗ್ಲಿಷ್ ವರದಿ ಬೇಕಿದ್ದರೆ ಅದನ್ನು ಕಚೇರಿಯಲ್ಲೇ ಸಿದ್ಧಪಡಿಸಬಹುದು. ಅರ್ಜಿಗಳೆಲ್ಲ ದೂರದ ನಗರಗಳಿಂದಲೇ ಬಂದು ತಾಲ್ಲೂಕಿನಿಂದ ಒಂದೂ ಬಾರದಿದ್ದರೆ, ಮೊದಲು ಭಾಷೆಯ ಸಾಲನ್ನೇ ಅನುಮಾನಿಸಬೇಕು.

ಓಡಾಟದ ಬಗ್ಗೆ ‘ವ್ಯಾಪಕ ಪ್ರವಾಸ ಅಗತ್ಯ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಲೆಕ್ಕ ಹಾಕಿ ನೋಡಬೇಕು. ಮೂವತ್ತು ಅಂಗನವಾಡಿಗಳಿಗೆ ತಿಂಗಳಿಗೆ ಎರಡು ಸಲವೆಂದರೆ ಅರವತ್ತು ಭೇಟಿ. ದಿನಕ್ಕೆ ಮೂರರಂತೆ ಇಪ್ಪತ್ತು ದಿನ. ದಿನಕ್ಕೆ 45 ಕಿಲೋಮೀಟರಾದರೆ ತಿಂಗಳಿಗೆ 900. ಲೀಟರಿಗೆ 45 ಕಿಲೋಮೀಟರ್ ಕೊಡುವ ಬೈಕಿಗೆ 20 ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ಎರಡು ಸಾವಿರ, ಟೈರು–ರಿಪೇರಿ ಬೇರೆ. ಪ್ರಯಾಣ ಭತ್ಯೆ ಸಾವಿರ ರೂಪಾಯಿ ಎಂದು ಗೊತ್ತುಮಾಡಿದರೆ ಉಳಿದದ್ದು ಸಂಬಳದಿಂದಲೇ ಹೋಗುತ್ತದೆ. ಆಗ ಭೇಟಿಗಳು ಕಾಗದದ ಮೇಲಷ್ಟೇ ಉಳಿಯುವ ಅಪಾಯವಿದೆ. ದೂರದ ತಾಂಡಾಗಳ ತೂಕದ ಅಂಕಿ ತಿಂಗಳುಗಟ್ಟಲೆ ಬದಲಾಗದಿದ್ದರೆ ಅದು ಇದರ ಸುಳಿವು.

ಹೊತ್ತನ್ನೂ ಹೇಳಬೇಕು. ಕೂಲಿಗೆ ಹೋಗುವ ತಾಯಂದಿರು ಸಿಗುವುದು ಬೆಳಗ್ಗೆ ಬೇಗ ಅಥವಾ ಸಂಜೆ ಮೇಲೆ. ಆ ಹೊತ್ತಿಗೆ ಹಳ್ಳಿಗಳಿಗೆ ಬಸ್ಸು ಕಡಿಮೆ. ದ್ವಿಚಕ್ರ ವಾಹನದ ಪರವಾನಗಿ ಕಡ್ಡಾಯ ಎಂದರೆ ಹಲವು ಮಹಿಳೆಯರಿಗೆ ಬಾಗಿಲು ಮುಚ್ಚಿದಂತೆ. ಸಂಜೆಯ ಭೇಟಿಗೆ ಬಾಡಿಗೆ ಆಟೊ ಅಥವಾ ಜೊತೆಗೊಬ್ಬರನ್ನು ಸಂಸ್ಥೆ ಒದಗಿಸುವುದಾದರೆ ಅದನ್ನೂ ಅಲ್ಲೇ ಬರೆಯಬೇಕು.

ಇಷ್ಟನ್ನೂ ಕೆಲವೇ ಸಾಲಿನಲ್ಲಿ ಹೀಗೆ ಹೇಳಬಹುದು:

‘ಗುರುಮಠಕಲ್ ತಾಲ್ಲೂಕಿನ 30 ಅಂಗನವಾಡಿಗಳ ವ್ಯಾಪ್ತಿಯಲ್ಲಿ ಮಕ್ಕಳ ಅಪೌಷ್ಟಿಕತೆ ತಡೆಯುವ ಕೆಲಸಕ್ಕೆ ಕ್ಷೇತ್ರ ಸಂಯೋಜಕರು ಬೇಕು. ಕನ್ನಡ ಓದು–ಬರಹ ಕಡ್ಡಾಯ, ತೆಲುಗು ಅಥವಾ ಲಂಬಾಣಿ ಮಾತನಾಡಲು ಬರಬೇಕು, ಇಂಗ್ಲಿಷ್ ಬೇಕಿಲ್ಲ. ತಿಂಗಳಿಗೆ 20 ದಿನ, ಸುಮಾರು 900 ಕಿ.ಮೀ. ಓಡಾಟ; ವಾರಕ್ಕೆ ಎರಡು ಸಂಜೆ ಮನೆ ಭೇಟಿ. ಪ್ರಯಾಣ ವೆಚ್ಚ ಕಿ.ಮೀ. ಲೆಕ್ಕದಲ್ಲಿ. ಸ್ವಂತ ವಾಹನ ಇಲ್ಲದವರಿಗೆ ಸಂಜೆ ಆಟೊ ವ್ಯವಸ್ಥೆ ಇದೆ. ವಾಸ ತಾಲ್ಲೂಕಿನಲ್ಲೇ.’

ಇದರ ಕೆಳಗೆ ಸಂಬಳ, ಹುದ್ದೆಯ ಅವಧಿ, ಅರ್ಜಿಯ ಕೊನೆಯ ದಿನ ಬರುತ್ತವೆ. ಅವಧಿಯನ್ನು ಮುಚ್ಚಿಡಬಾರದು. ಯೋಜನೆಯ ಹಣ ಒಂದೇ ವರ್ಷಕ್ಕಿದ್ದರೆ ಹಾಗೆಂದೇ ಬರೆಯಬೇಕು. ಮನೆ ಬದಲಾಯಿಸಿ ಬರುವವರು ಅದನ್ನು ತಿಳಿದೇ ನಿರ್ಧಾರ ಮಾಡಬೇಕಾಗುತ್ತದೆ.