ಟಿಡಿಎಸ್ ನೋಟಿಸ್ ಬಂದಾಗ ಮೊದಲು ಹಣ ಕಟ್ಟಬೇಡಿ

ಗುತ್ತಿಗೆದಾರರೊಬ್ಬರಿಗೆ 1 ಲಕ್ಷ ರೂಪಾಯಿ ಕೊಡುವಾಗ ಸಣ್ಣ ಸಂಸ್ಥೆಯೊಂದು ಶೇ. 1ರಂತೆ 1,000 ರೂಪಾಯಿ ಟಿಡಿಎಸ್ ಹಿಡಿದಿತ್ತು ಎನ್ನಿ. ಕೆಲ ವಾರಗಳಲ್ಲಿ 19,000 ರೂಪಾಯಿ ಕಡಿಮೆ ಕಡಿತವಾಗಿದೆ ಎಂಬ ನೋಟಿಸ್ ಬರುತ್ತದೆ. ಗಾಬರಿ ಸಹಜ, ಆದರೆ ನೋಟಿಸಿನಲ್ಲಿರುವುದು ಬರೀ ಮೊತ್ತ. ಕಾರಣ ಬೇಕಾದರೆ ಟ್ರೇಸಸ್ ಪೋರ್ಟಲ್‌ನಿಂದ ಜಸ್ಟಿಫಿಕೇಶನ್ ರಿಪೋರ್ಟ್ ಇಳಿಸಿಕೊಳ್ಳಬೇಕು. ಅದರಲ್ಲಿ ಪ್ರತಿ ತಪ್ಪೂ ಸಾಲುಸಾಲಾಗಿ ಇರುತ್ತದೆ.

ಇಲ್ಲಿ ಅಪರಾಧಿ ಪ್ಯಾನ್. M ಬದಲು N ಟೈಪಾಗಿದೆ. ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ ಎಂಬ ವಿನ್ಯಾಸ ಸರಿಯಿದ್ದುದರಿಂದ ಕಡತ ಸಲ್ಲಿಕೆಯ ವೇಳೆ ಪಾಸಾಗಿದೆ, ಆದರೆ ಅಂಥ ಪ್ಯಾನ್ ಯಾರಿಗೂ ಇಲ್ಲ. ಅಮಾನ್ಯ ಪ್ಯಾನ್‌ಗೆ ಶೇ. 20ರ ದರ, ಹಾಗಾಗಿಯೇ ಈ 19,000. ಗುತ್ತಿಗೆದಾರರಿಗೂ ತಮ್ಮ 1,000 ಖಾತೆಯಲ್ಲಿ ಕಾಣುವುದಿಲ್ಲ. ಪ್ಯಾನ್ ಕಾರ್ಡಿನ ಪ್ರತಿ ತರಿಸಿ, ಪೋರ್ಟಲ್‌ನಲ್ಲೇ ಹೆಸರು ತಾಳೆ ನೋಡಿ, ತಿದ್ದುಪಡಿ ವಿವರಣೆ ಸಲ್ಲಿಸಿದರೆ ಬೇಡಿಕೆಯೂ ಅದರ ಬಡ್ಡಿಯೂ ಬಿದ್ದುಹೋಗುತ್ತವೆ.

ತಡ ಪಾವತಿಯ ಬಡ್ಡಿ ಹಾಗಲ್ಲ, ಕಟ್ಟಲೇಬೇಕು. ಜೂನ್ 10ರಂದು ಹಿಡಿದ ತೆರಿಗೆಗೆ ಜುಲೈ 7 ಗಡುವು. ಜುಲೈ 9ಕ್ಕೆ ಕಟ್ಟಿದರೆ ಎರಡು ದಿನದ್ದಲ್ಲ, ಕಡಿತದ ತಿಂಗಳಿಂದಲೇ ಎಣಿಸಿ ಎರಡು ತಿಂಗಳ ಬಡ್ಡಿ: ತಿಂಗಳಿಗೆ ಶೇ. 1.5, ಅಂದರೆ 1,000ಕ್ಕೆ 30 ರೂಪಾಯಿ. ಬಹುತೇಕರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಚಲನ್ ಕಟ್ಟಿದ ಮಾತ್ರಕ್ಕೆ ಬಾಕಿ ಅಳಿಯದು, ಆ ಚಲನನ್ನು ತಿದ್ದುಪಡಿಯಲ್ಲಿ ಬಡ್ಡಿಯೆಂದು ಸೇರಿಸಿದ ಮೇಲಷ್ಟೇ ಅಳಿಯುತ್ತದೆ.