ಹತ್ತು ಮಂದಿಯ ನಡುವೆ ತೊಂಬತ್ತು ಸೆಕೆಂಡು

ಹೈದರಾಬಾದ್: ಕ್ಯಾಂಪಸ್ ನೇಮಕಾತಿ ಎಂದರೆ ಲಿಖಿತ ಪರೀಕ್ಷೆ ಮತ್ತು ಸಂದರ್ಶನ ಎಂದಷ್ಟೇ ಬಹಳಷ್ಟು ಪೋಷಕರು ತಿಳಿದಿರುತ್ತಾರೆ. ಕೆಲವು ಕಂಪನಿಗಳು ಇವೆರಡರ ನಡುವೆ ಗುಂಪು ಚರ್ಚೆಯನ್ನೂ ಇಡುತ್ತವೆ. ಹುಡುಗರ ಬಾಯಲ್ಲಿ ಅದು ಜಿ.ಡಿ. ವಿಷಯ ಗೊತ್ತಿದ್ದೂ ಬಾಯಿ ತೆರೆಯಲಾಗದೆ ಹೊರಬರುವ ಮಕ್ಕಳು ಹೆಚ್ಚಾಗಿ ಇಲ್ಲಿಯೇ ಸಿಗುತ್ತಾರೆ. ದೊಡ್ಡವರು ಮಾತು ಮುಗಿಸುವವರೆಗೆ ಸುಮ್ಮನಿರಬೇಕು ಎಂದು ನಮ್ಮ ಮನೆಗಳಲ್ಲಿ ಕಲಿಸಿರುತ್ತೇವೆ. ಚರ್ಚೆಯ ಮೇಜಿನ ಸುತ್ತ ಆ ಸರದಿ ತಾನಾಗಿ ಬರುವುದೇ ಇಲ್ಲ.

ಹತ್ತು ಮಂದಿ, ಹದಿನೈದು ನಿಮಿಷ ಎಂದಿಟ್ಟುಕೊಳ್ಳಿ. ಸಮನಾಗಿ ಹಂಚಿದರೆ ಒಬ್ಬರ ಪಾಲಿಗೆ ಬರುವುದು 90 ಸೆಕೆಂಡು. ಅದನ್ನು ಒಂದೇ ಭಾಷಣದಲ್ಲಿ ಕಳೆಯುವುದಕ್ಕಿಂತ ಇಪ್ಪತ್ತು, ಇಪ್ಪತ್ತೈದು ಸೆಕೆಂಡಿನ ಮೂರು ನಾಲ್ಕು ಮಾತುಗಳಾಗಿ ಬಳಸುವುದು ಲೇಸು.

ಎರಡೂ ರಾಜ್ಯಗಳ ನಂಟಿರುವ ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದಂತಹ ವಿಷಯವೊಂದನ್ನು ತೆಗೆದುಕೊಳ್ಳೋಣ: ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಸರಿಯೇ? ಕರ್ನಾಟಕದಲ್ಲಿ 'ಶಕ್ತಿ' ಯೋಜನೆ 2023ರ ಜೂನ್ 11ರಂದು, ತೆಲಂಗಾಣದಲ್ಲಿ 'ಮಹಾಲಕ್ಷ್ಮಿ' ಅದೇ ವರ್ಷ ಡಿಸೆಂಬರ್ 9ರಂದು ಆರಂಭವಾದವು.

ವಿಷಯ ಕೊಟ್ಟೊಡನೆ ನಾಲ್ಕೈದು ಮಂದಿ ಒಟ್ಟಿಗೆ ಕೂಗುತ್ತಾರೆ. ಮೊದಲ ಎರಡು ನಿಮಿಷ ಮೀನು ಮಾರುಕಟ್ಟೆಯೇ ಸರಿ. ಅಲ್ಲಿ ದನಿ ಏರಿಸಿ ಗೆದ್ದವರಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೆಂದು ಹೆಸರಿನೊಡನೆ ಗುರುತು ಹಾಕಿಕೊಳ್ಳಬೇಕು. ಗದ್ದಲ ಇಳಿದ ಮೇಲೆ ಇಬ್ಬರು ಒಂದೇ ಮಾತನ್ನು ತಿರುಗಿ ಹೇಳತೊಡಗುತ್ತಾರೆ. ಒಳಗೆ ಹೋಗುವ ಬಾಗಿಲು ಅದೇ. ಉದಾಹರಣೆಗೆ, ಎಲ್ಲರೂ ಸರ್ಕಾರದ ಹೊರೆಯ ಬಗ್ಗೆಯೇ ಮಾತಾಡುತ್ತಿದ್ದರೆ ಹೀಗೆ ಸೇರಬಹುದು: "ಖರ್ಚಿನ ಮಾತು ಬಂತು, ಅದಕ್ಕೊಂದು ಅಂಶ ಸೇರಿಸುತ್ತೇನೆ. ತೆಲಂಗಾಣದ ವಿಳಾಸವಿರುವ ಹುಡುಗಿಗೆ ಇಲ್ಲಿ ಜೀರೋ ಟಿಕೆಟ್; ಅವಳೇ ಬೀದರಿಗೆ ಹೋಗಿ ಅಜ್ಜಿಯ ಊರಿನ ಬಸ್ ಹತ್ತಿದರೆ ಪೂರ್ತಿ ಟಿಕೆಟ್. ಹಾಗಾದರೆ ಈ ಸೌಲಭ್ಯ ಮಹಿಳೆಗೋ, ಆಯಾ ರಾಜ್ಯದ ನಿವಾಸಿಗೋ?" ಹಿಂದಿನ ಮಾತಿನ ತುದಿ ಹಿಡಿದು ಹೊಸದೊಂದನ್ನು ಕೊಟ್ಟವರನ್ನು ತಡೆಯುವವರು ಕಡಿಮೆ.

ಭಿನ್ನಾಭಿಪ್ರಾಯದಲ್ಲಿ ನಮ್ಮ ಮಕ್ಕಳು ಎಡವುವುದಕ್ಕೆ ಭಾಷೆಯೂ ಕಾರಣ. ಕನ್ನಡದಲ್ಲಿ "ಹಾಗಲ್ಲ ರೀ" ಎಂದರೆ ಅದರಲ್ಲೊಂದು ಸಲುಗೆ ಇದೆ. ಅದನ್ನೇ ಇಂಗ್ಲಿಷಿನಲ್ಲಿ "ನೋ, ನೋ" ಎಂದುಬಿಟ್ಟರೆ ಎದುರಿನವರ ಮುಖಕ್ಕೆ ಬಾಗಿಲು ಹಾಕಿದಂತೆ ಕೇಳಿಸುತ್ತದೆ. "ಯೆಸ್, ಬಟ್" ಕೂಡ ಅಷ್ಟೇ. ಆ 'ಬಟ್' ಬಂದೊಡನೆ ಮುಂಚಿನ ಒಪ್ಪಿಗೆ ಅಳಿಸಿಹೋಗುತ್ತದೆ.

ಒಬ್ಬರು, "ಇದರಿಂದ ಸಾರಿಗೆ ನಿಗಮಗಳು ಮುಳುಗುತ್ತವೆ" ಎಂದರು ಎನ್ನಿ. ಒಪ್ಪುವ ಭಾಗವನ್ನು ಮೊದಲು ನಿಜವಾಗಿ ಒಪ್ಪಬೇಕು: "ನಿಗಮದ ಕೈಗೆ ಪ್ರಯಾಣಿಕರ ಹಣ ಬರುವುದಿಲ್ಲ ಎಂಬುದು ನಿಜ." ಆಮೇಲೆ ವ್ಯಕ್ತಿಯನ್ನು ಬಿಟ್ಟು ಅಂಶವನ್ನಷ್ಟೇ ಹಿಡಿಯಬೇಕು: "ನಾನು ಬೇರೆ ರೀತಿ ನೋಡುವುದು ಜೀರೋ ಟಿಕೆಟನ್ನು. ಕಂಡಕ್ಟರ್ ಅದನ್ನು ಹರಿದು ಕೊಡುವುದು ಲೆಕ್ಕಕ್ಕಾಗಿ. ಆ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ಮುಳುಗುವುದು, ತೇಲುವುದು ಆ ಹಣ ಹೊತ್ತಿಗೆ ಸರಿಯಾಗಿ ಬರುವುದರ ಮೇಲಿದೆ." ಎದುರಿನವರ ಮಾನ ಉಳಿಯಿತು, ಚರ್ಚೆಯೂ ಒಂದು ಹೆಜ್ಜೆ ಮುಂದೆ ಹೋಯಿತು. ಹೀಗೆ ಹೇಳುವಾಗ ನೋಡಬೇಕಾದ್ದು ಸಹಸ್ಪರ್ಧಿಗಳ ಮುಖ. ಅಂಕ ಹಾಕುವವರತ್ತ ತಿರುಗಿ ಮಾತಾಡುವುದು ಬಹುಮಂದಿಯ ಚಾಳಿ, ಅದು ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನು ಸಾರಾಂಶ. ಇದು ಕೊನೆಯ ನಿಮಿಷದ ಕೆಲಸ ಎಂದು ಎಲ್ಲರೂ ಕಾಯುತ್ತಾರೆ, ಆಗ ಮತ್ತೆ ಗದ್ದಲ. ಎಂಟು ಒಂಬತ್ತನೇ ನಿಮಿಷದಲ್ಲಿ, ಚರ್ಚೆ ಸುತ್ತಿದಲ್ಲೇ ಸುತ್ತುತ್ತಿರುವಾಗ ಒಮ್ಮೆ ಒಟ್ಟುಗೂಡಿಸಿ ಹೇಳುವುದಕ್ಕೆ ಹೆಚ್ಚು ಬೆಲೆ. ಹಾಳೆಯ ನಡುವೆ ಗೆರೆ ಎಳೆದು ಪರ, ವಿರೋಧ ಬರೆದುಕೊಂಡವರಿಗೆ ಇದು ಕಷ್ಟವಲ್ಲ: "ಕೆಲಸಕ್ಕೆ, ಕಾಲೇಜಿಗೆ ಹೋಗುವವರಿಗೆ ಅನುಕೂಲ ಎಂದು ಕೆಲವರು ಹೇಳಿದರು. ಬಸ್ಸಿನ ನೂಕುನುಗ್ಗಲು, ಆಟೋ ಚಾಲಕರ ಆದಾಯ, ನಿಗಮದ ಹಣ ಎಂಬ ಮೂರು ಆತಂಕಗಳು ಬಂದವು. ಬಸ್‌ಗಳ ಸಂಖ್ಯೆ ಹೆಚ್ಚಬೇಕೆಂಬುದನ್ನು ಎರಡೂ ಕಡೆಯವರು ಒಪ್ಪಿದ್ದಾರೆ. ಹಣದ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ, ಅಲ್ಲಿಂದ ಮುಂದುವರಿಯೋಣವೇ?" ಹೊಸ ವಾದ ತುರುಕುವುದು, ತನ್ನ ಮಾತನ್ನಷ್ಟೇ ನೆನಪಿಸುವುದು, ಆಗದ ಒಮ್ಮತವನ್ನು ಆಯಿತೆಂದು ಘೋಷಿಸುವುದು, ಈ ಮೂರೂ ಸಾರಾಂಶವನ್ನು ಕೆಡಿಸುತ್ತವೆ.

ಅಭ್ಯಾಸಕ್ಕೆ ಎಂಟು ಹುಡುಗರು, ಒಂದು ಕೋಣೆ, ಒಂದು ಮೊಬೈಲ್ ಸಾಕು. ಮೊದಲ ಸುತ್ತು ಕನ್ನಡದಲ್ಲಿ, ಅದೇ ವಿಷಯದ ಎರಡನೇ ಸುತ್ತು ಇಂಗ್ಲಿಷಿನಲ್ಲಿ ನಡೆಸಿದರೆ ತೊಡಕು ವಿಚಾರದ್ದೋ ಭಾಷೆಯದೋ ಎಂಬುದು ತಿಳಿದುಹೋಗುತ್ತದೆ. ರೆಕಾರ್ಡಿಂಗ್ ಕೇಳುವಾಗ ಎಷ್ಟು ಹೊತ್ತು ಮಾತಾಡಿದೆ ಎಂದು ಎಣಿಸುವುದಕ್ಕಿಂತ, ತನ್ನ ಮಾತಾದ ಮೇಲೆ ಮುಂದಿನವರು ಅದನ್ನು ಎತ್ತಿಕೊಂಡದ್ದು ಎಷ್ಟು ಬಾರಿ ಎಂದು ಎಣಿಸಬೇಕು.