ಏಳು ಸಣ್ಣ ಪ್ಯಾಕೆಟ್‌ಗೆ ಸೋಲುವ ನೂರು ಗ್ರಾಂ

ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿಯ ಸಾಂಬಾರ್ ಪುಡಿ ಪ್ಯಾಕೆಟ್ಟುಗಳು ಬಾಗಿಲ ಬಳಿಯೇ ಸಾಲಾಗಿ ತೂಗುತ್ತವೆ. ಅದೇ ಪುಡಿಯ ನೂರು ಗ್ರಾಂ, ಇನ್ನೂರು ಗ್ರಾಂ ಪ್ಯಾಕೆಟ್ಟುಗಳು ಒಳಗಿನ ಕಪಾಟಿನಲ್ಲಿರುತ್ತವೆ. ದೊಡ್ಡದನ್ನು ಕೊಂಡರೆ ಅಗ್ಗ ಬೀಳುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಬಹುಪಾಲು ಸಲ ಅದು ನಿಜವೂ ಹೌದು. ಆದರೆ ಕೆಲವು ತಿಂಗಳು ಈ ಲೆಕ್ಕ ತಲೆಕೆಳಗಾಗುತ್ತದೆ. ಸಣ್ಣ ಪ್ಯಾಕೆಟ್ ಅಗ್ಗವಾಗುತ್ತದೆ, ದೊಡ್ಡದು ಕಪಾಟಿನಲ್ಲೇ ಹಳತಾಗುತ್ತದೆ. ಶಾಂಪೂ ಕೊಳ್ಳುವವರಿಗೆ ಇದು ಹೊಸತಲ್ಲ. ಬಾಟಲಿಗಿಂತ ಸ್ಯಾಶೆಯಲ್ಲೇ ಮಿಲಿಲೀಟರಿಗೆ ಕಡಿಮೆ ದುಡ್ಡು ಬೀಳುವುದನ್ನು ಅವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಮಸಾಲೆ ಪುಡಿಯಲ್ಲಿ ಹೀಗಾದರೆ ಮೊದಲ ಪೆಟ್ಟು ಬೀಳುವುದು ಅದನ್ನು ಹುರಿದು, ಕುಟ್ಟಿ, ತುಂಬಿ ಮಾರುವ ಸಣ್ಣ ತಯಾರಕರಿಗೆ.

ಒಂದು ಲೆಕ್ಕ ಹಿಡಿದು ನೋಡೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಆದರೆ ಲೆಕ್ಕದ ರೀತಿ ಸಣ್ಣ ಘಟಕಗಳಲ್ಲಿ ನಡೆಯುವಂಥದ್ದೇ. ಮೆಣಸಿನಕಾಯಿ, ಧನಿಯಾ, ಜೀರಿಗೆ, ಮೆಂತ್ಯ, ಬೇಳೆಗಳ ಜೊತೆಗೆ ಹುರಿಯುವ ಗ್ಯಾಸು, ಗಿರಣಿ, ಕೂಲಿ ಎಲ್ಲ ಸೇರಿ ಒಂದು ಕಿಲೋ ಪುಡಿಗೆ ಬೀಳುವ ಅಸಲು 320 ರೂಪಾಯಿ ಎನ್ನೋಣ. ಪ್ಯಾಕೆಟ್ ಮೇಲಿನ ಎಂಆರ್‌ಪಿಯಲ್ಲಿ ಅಂಗಡಿಯವರ ಪಾಲು, ಡಿಸ್ಟ್ರಿಬ್ಯೂಟರ್ ಪಾಲು, ಜಿಎಸ್‌ಟಿ ಕಳೆದರೆ ನೂರಕ್ಕೆ 75 ರೂಪಾಯಿ ತಯಾರಕರ ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ.

ಹತ್ತು ರೂಪಾಯಿಯ ಪ್ಯಾಕೆಟ್ಟಿನಲ್ಲಿ 15 ಗ್ರಾಂ ಪುಡಿಯಿದೆ. ಗ್ರಾಂಗೆ ಸುಮಾರು 67 ಪೈಸೆ ಆಯಿತು. 50 ಗ್ರಾಂಗೆ 32 ರೂಪಾಯಿ, ಅಂದರೆ ಗ್ರಾಂಗೆ 64 ಪೈಸೆ. 100 ಗ್ರಾಂಗೆ 60 ರೂಪಾಯಿ, 200 ಗ್ರಾಂಗೆ 112 ರೂಪಾಯಿ. ಇವು ಗ್ರಾಂಗೆ 60 ಮತ್ತು 56 ಪೈಸೆ ಬೀಳುತ್ತವೆ. ಒಂದೊಂದು ಮೆಟ್ಟಿಲಿಗೂ ಗ್ರಾಂ ಬೆಲೆ ಶೇಕಡಾ ಐದಾರರಷ್ಟು ಇಳಿಯುತ್ತಿದೆ. ಗಿರಾಕಿಗೆ ಕಾಣುವುದು ಈ ಪೈಸೆಯಲ್ಲ. ಎರಡು ನೂರು ಗ್ರಾಂ ಪ್ಯಾಕೆಟ್‌ಗೆ 120 ಕೊಡುವ ಬದಲು ಒಂದು ಇನ್ನೂರಕ್ಕೆ 112 ಕೊಟ್ಟರೆ ಎಂಟು ರೂಪಾಯಿ ಉಳಿಯಿತು ಎಂಬುದಷ್ಟೇ ಅವರಿಗೆ ಕಾಣುತ್ತದೆ. ಆ ಉಳಿತಾಯ ಎರಡು ರೂಪಾಯಿಗಿಳಿದರೆ ಯಾರೂ ದೊಡ್ಡದಕ್ಕೆ ಕೈ ಚಾಚುವುದಿಲ್ಲ.

ಹಾಗಾದರೆ ಇನ್ನೂರು ಗ್ರಾಂ ಅನ್ನು ನೂರು ರೂಪಾಯಿಗೇ ಕೊಟ್ಟುಬಿಡಬಾರದೇಕೆ? ಲೆಕ್ಕ ಒಪ್ಪುವುದಿಲ್ಲ. ನೂರು ರೂಪಾಯಿಯಲ್ಲಿ 75 ಕೈಗೆ ಬಂದು, ಪುಡಿಗೆ 64, ಪೌಚು ಮತ್ತು ತುಂಬುವ ಖರ್ಚಿಗೆ 5 ಹೋದರೆ ಮಿಗುವುದು ಆರೇ ರೂಪಾಯಿ. 60 ರೂಪಾಯಿಗೆ ಒಂದು ನೂರು ಗ್ರಾಂ ಮಾರಿದರೆ 45 ಕೈಗೆ ಬರುತ್ತದೆ, ಪುಡಿಗೆ 32, ಪ್ಯಾಕಿಂಗ್‌ಗೆ 2.80 ಹೋಗಿ ಹತ್ತು ರೂಪಾಯಿಯ ಮೇಲೆ ಉಳಿಯುತ್ತದೆ. ಎರಡು ಪಟ್ಟು ಸರಕು ಕೊಟ್ಟು ಕಡಿಮೆ ಗಳಿಸಿದಂತಾಗುತ್ತದೆ. 112 ಇಟ್ಟರೆ 15 ರೂಪಾಯಿ ಮಿಗುತ್ತದೆ. ಅದೂ ಎರಡು ನೂರು ಗ್ರಾಂ ಪ್ಯಾಕೆಟ್‌ಗಳಿಂದ ಬರುವ 20ಕ್ಕಿಂತ ಕಡಿಮೆಯೇ. ಆದರೂ ದೊಡ್ಡದನ್ನು ಮಾರಬೇಕು, ಏಕೆಂದರೆ ಮನೆಯ ಡಬ್ಬಿಯಲ್ಲಿ ಇನ್ನೂರು ಗ್ರಾಂ ಇರುವಷ್ಟು ದಿನ ಆ ಮನೆಯವರು ಬೇರೆ ಕಂಪನಿಯ ಪುಡಿ ತರುವುದಿಲ್ಲ. ಬಿಸ್ಕತ್ತು ಹೆಚ್ಚಿದ್ದರೆ ಹೆಚ್ಚು ತಿನ್ನುತ್ತೇವೆ, ಸಾಂಬಾರನ್ನು ಯಾರೂ ಎರಡು ಪಟ್ಟು ಉಣ್ಣುವುದಿಲ್ಲ. ಮಸಾಲೆಯಲ್ಲಿ ದೊಡ್ಡ ಪ್ಯಾಕೆಟ್ ಗಳಿಸಿಕೊಡುವುದು ಗಿರಾಕಿಯ ನಂಟನ್ನು. ಆ ನಂಟಿಗೆ ಒಂದು ಮನೆಗೆ ಐದು ರೂಪಾಯಿ ಬಿಟ್ಟುಕೊಡಬಹುದು, ಹದಿನಾಲ್ಕು ಬಿಟ್ಟುಕೊಡಲಾಗದು.

ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ. ಮೆಟ್ಟಿಲು ಮುರಿಯುವುದು ಬೆಲೆ ನಿಗದಿ ಮಾಡಿದ ದಿನ ಅಲ್ಲ, ಮೆಣಸಿನಕಾಯಿ ಏರಿದ ದಿನ. ಬ್ಯಾಡಗಿ ಮಾರುಕಟ್ಟೆಯ ದರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಅಲ್ಲಿ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಹಚ್ಚುವ ಮಟ್ಟಕ್ಕೆ ಹೋಗಿತ್ತು. ಇಳಿಯುವ ದರ ಬೆಳೆಗಾರರನ್ನು ಸುಟ್ಟರೆ, ಏರುವ ದರ ಪುಡಿ ಮಾಡುವವರನ್ನು ಹಿಂಡುತ್ತದೆ. ನಮ್ಮ ಉದಾಹರಣೆಯಲ್ಲಿ ಕಿಲೋ ಅಸಲು 320ರಿಂದ 400ಕ್ಕೆ ಏರಿತು ಎನ್ನೋಣ. ತಯಾರಕರು ನೂರು ಗ್ರಾಂ ಅನ್ನು 75 ರೂಪಾಯಿಗೂ ಇನ್ನೂರು ಗ್ರಾಂ ಅನ್ನು 140ಕ್ಕೂ ಏರಿಸುತ್ತಾರೆ. ಆದರೆ ಹತ್ತು ರೂಪಾಯಿಯ ಪ್ಯಾಕೆಟ್ಟನ್ನು ಹನ್ನೆರಡೂವರೆ ರೂಪಾಯಿ ಮಾಡುವಂತಿಲ್ಲ. ಕೈಯಲ್ಲಿ ಒಂದು ನೋಟು ಹಿಡಿದು ಬರುವ ಗಿರಾಕಿಗೆ ಅದು ಹತ್ತು ರೂಪಾಯಿಯದೇ ಆಗಿರಬೇಕು. ಗ್ರಾಂ ಇಳಿಸಲು ಮನಸ್ಸು ಬರುವುದಿಲ್ಲ, ಇಳಿಸಿದರೆ ಗಿರಾಕಿ ಬೇರೆಯದಕ್ಕೆ ಹೋದಾರು ಎಂಬ ಭಯ. ಹಾಗಾಗಿ 15 ಗ್ರಾಂ ಹಾಗೆಯೇ ಉಳಿಯುತ್ತದೆ.

ಈಗ ನೋಡಿ. ಸಣ್ಣದರಲ್ಲಿ ಗ್ರಾಂಗೆ 67 ಪೈಸೆ, ನೂರು ಗ್ರಾಂನಲ್ಲಿ 75, ಇನ್ನೂರರಲ್ಲಿ 70. ಸಣ್ಣ ಕ್ಯಾಂಟೀನ್ ನಡೆಸುವವರು ಇದನ್ನು ಒಂದೇ ವಾರದಲ್ಲಿ ಪತ್ತೆ ಹಚ್ಚುತ್ತಾರೆ. “ಅಣ್ಣಾ, ನೂರು ಗ್ರಾಂ ಬೇಡ, ಹತ್ತು ರೂಪಾಯಿದೇ ಏಳು ಕೊಡಿ” ಎನ್ನುತ್ತಾರೆ. ಎಪ್ಪತ್ತು ರೂಪಾಯಿಗೆ 105 ಗ್ರಾಂ ಸಿಕ್ಕಿತು. ಐದು ರೂಪಾಯಿ ಉಳಿತಾಯ, ಮೇಲೆ ಐದು ಗ್ರಾಂ ಹೆಚ್ಚು. ತಯಾರಕರಿಗೆ ನೂರು ಗ್ರಾಂ ಪ್ಯಾಕೆಟ್ಟಿನಿಂದ 13 ರೂಪಾಯಿಯ ಮೇಲೆ ಉಳಿಯಬೇಕಿತ್ತು. ಸಣ್ಣದರಲ್ಲಿ ಕೈಗೆ ಬರುವ 7.50ರಲ್ಲಿ ಪುಡಿಗೆ 6, ಪ್ಯಾಕಿಂಗ್‌ಗೆ 90 ಪೈಸೆ ಹೋಗಿ 60 ಪೈಸೆ ಮಿಗುತ್ತದೆ. ಏಳಕ್ಕೆ 4 ರೂಪಾಯಿ 20 ಪೈಸೆ. ಕಾಗದದ ಮೇಲೆ ಮಾರಾಟ ಏರಿದಂತೆ ಕಾಣುವುದೇ ಇದರಲ್ಲಿರುವ ಅಪಾಯ. ಪ್ಯಾಕೆಟ್‌ಗಳ ಎಣಿಕೆ ಹೆಚ್ಚುತ್ತದೆ, ಡಿಸ್ಟ್ರಿಬ್ಯೂಟರ್ ಖುಷಿಯಾಗಿರುತ್ತಾರೆ, ತಿಂಗಳ ಕೊನೆಯಲ್ಲಿ ಮಾತ್ರ ಹಣ ಕಾಣುವುದಿಲ್ಲ. ಅದಕ್ಕೇ ಮಾರಾಟವನ್ನು ಪ್ಯಾಕೆಟ್ ಲೆಕ್ಕದಲ್ಲಿ ಅಲ್ಲ, ಯಾವ ಅಳತೆಯಲ್ಲಿ ಎಷ್ಟು ಕಿಲೋ ಹೋಯಿತು ಎಂಬ ಲೆಕ್ಕದಲ್ಲಿ ಬರೆದಿಡಬೇಕು. ಸಣ್ಣದರ ಕಿಲೋ ಏರುತ್ತ, ನೂರರ ಕಿಲೋ ಇಳಿಯುತ್ತಿದ್ದರೆ, ಅಂಗಡಿಯ ಕಪಾಟಿನಲ್ಲಿ ಇನ್ನೂರು ಗ್ರಾಂನ ಪ್ಯಾಕಿಂಗ್ ದಿನಾಂಕ ಹಳತಾಗುತ್ತಿದ್ದರೆ, ಮೆಟ್ಟಿಲು ಮುರಿದಿದೆ ಎಂದರ್ಥ.

ಸರಿಪಡಿಸುವ ದಾರಿ ಒಂದೇ: ಹತ್ತು ರೂಪಾಯಿಯಲ್ಲಿ 12 ಗ್ರಾಂ ತುಂಬುವುದು. ಆಗ ಗ್ರಾಂಗೆ 83 ಪೈಸೆ ಆಗುತ್ತದೆ, 50 ಗ್ರಾಂ 40 ರೂಪಾಯಿಗೆ 80 ಪೈಸೆ, ನಂತರ 75, ಕೊನೆಗೆ 70. ಪ್ಯಾಕೆಟ್‌ಗೆ ಉಳಿಯುವುದೂ ಮೊದಲಿನ 1.80ಕ್ಕೆ ಮರಳುತ್ತದೆ. ಇಷ್ಟು ಸುಲಭವಿದ್ದರೂ ತಡವಾಗುವುದೇಕೆಂದರೆ, ನಿವ್ವಳ ತೂಕ 15 ಗ್ರಾಂ ಎಂದು ಅಚ್ಚಾದ ಫಿಲ್ಮ್ ರೋಲುಗಳು ಗೋದಾಮಿನಲ್ಲಿ ತಿಂಗಳುಗಟ್ಟಲೆಗೆ ಆಗುವಷ್ಟು ಬಿದ್ದಿರುತ್ತವೆ. ಅಗ್ಗವಾಗಲಿ ಎಂದು ಒಟ್ಟಿಗೆ ಅಚ್ಚು ಹಾಕಿಸಿದ್ದು ಅವು. 15 ಎಂದು ಬರೆದ ಪ್ಯಾಕೆಟ್ಟಿನಲ್ಲಿ 12 ತುಂಬುವುದು ಅಪರಾಧ, ಅದನ್ನು ಯಾರೂ ಮಾಡಬಾರದು. ರೋಲು ಮುಗಿಯಲಿ ಎಂದು ಕಾಯುವಷ್ಟರಲ್ಲಿ ದೊಡ್ಡ ಪ್ಯಾಕೆಟ್ಟುಗಳ ಗಿರಾಕಿಗಳು ಸಣ್ಣದಕ್ಕೆ ಒಗ್ಗಿಹೋಗಿರುತ್ತಾರೆ. ತೂಕವನ್ನೂ ಬೆಲೆಯನ್ನೂ ವಿನ್ಯಾಸದಲ್ಲಿ ಅಚ್ಚು ಹಾಕಿಸದೆ, ತಯಾರಿಕೆಯ ದಿನಾಂಕದ ಹಾಗೆ ತುಂಬುವಾಗಲೇ ಯಂತ್ರದಿಂದ ಮುದ್ರಿಸಿಕೊಳ್ಳುವ ಘಟಕಗಳಿಗೆ ಈ ತೊಡಕಿಲ್ಲ. ಸಣ್ಣ ತಯಾರಕರು ಹೊಸ ರೋಲಿಗೆ ಆರ್ಡರ್ ಕೊಡುವ ಮುಂಚೆ ಮುದ್ರಣದವರೊಡನೆ ಆಡಬೇಕಾದ ಮೊದಲ ಮಾತು ಇದೇ.

ರಿಯಾಯಿತಿಗಳೂ ಮೆಟ್ಟಿಲನ್ನು ಸದ್ದಿಲ್ಲದೆ ಕೆಡವುತ್ತವೆ. ಹಬ್ಬಕ್ಕೆಂದು ಹತ್ತು ರೂಪಾಯಿಯ ಪ್ಯಾಕೆಟ್‌ಗೆ ಶೇಕಡಾ 20 ಹೆಚ್ಚುವರಿ ಕೊಟ್ಟರೆ 15 ಗ್ರಾಂ 18 ಆಗುತ್ತದೆ. ಗ್ರಾಂಗೆ 56 ಪೈಸೆ ಎಂದರೆ ಇನ್ನೂರು ಗ್ರಾಂನ ಬೆಲೆಗೇ ಬಂದು ನಿಂತಿತು. ಅಂಗಡಿಯವರಿಗೆ ಹನ್ನೆರಡಕ್ಕೆ ಒಂದು ಫ್ರೀ ಎಂಬ ಸ್ಕೀಮೂ ಹಾಗೆಯೇ, ಅದು ಪ್ಯಾಕೆಟ್ ಮೇಲೆ ಕಾಣುವುದಿಲ್ಲ ಅಷ್ಟೆ. ಕೊಡುವುದಿದ್ದರೆ ಇನ್ನೂರು ಗ್ರಾಂ ಮೇಲೆ ಕೊಡಬೇಕು.

ಇನ್ನು ಸಣ್ಣ ಪ್ಯಾಕೆಟ್ ಕೊಳ್ಳುವವರ ಮಾತು. ಅವರು ಲೆಕ್ಕ ತಿಳಿಯದವರಲ್ಲ. ದಿನಗೂಲಿ ಕೈಗೆ ಬಂದ ಮೇಲೆ ಅಕ್ಕಿ, ಎಣ್ಣೆ, ತರಕಾರಿ ಕೊಂಡು ಉಳಿದ ಹತ್ತು ರೂಪಾಯಿಗೆ ಪುಡಿ ಕೊಳ್ಳುವವರು ಇನ್ನೂರು ಗ್ರಾಂಗೆ 112 ಎಲ್ಲಿಂದ ತರಬೇಕು? ನಮ್ಮ ಮೊದಲ ಪಟ್ಟಿಯಲ್ಲಿ ಅವರು ಗ್ರಾಂಗೆ ಹತ್ತು ಹನ್ನೊಂದು ಪೈಸೆ ಹೆಚ್ಚು ಕೊಡುತ್ತಿದ್ದರು. ಪ್ಯಾಕಿಂಗ್ ಖರ್ಚು ಸಣ್ಣದರಲ್ಲಿ ಗ್ರಾಂಗೆ 6 ಪೈಸೆ, ಇನ್ನೂರರಲ್ಲಿ ಎರಡೂವರೆ ಪೈಸೆ. ಮೂರೂವರೆ ಪೈಸೆಯ ಈ ಅಂತರಕ್ಕೆ ಅಂಗಡಿ, ತೆರಿಗೆಯ ಪಾಲು ಕೂಡಿಸಿದರೂ ಐದರೊಳಗೇ ನಿಲ್ಲುತ್ತದೆ. ತುಂಬುವ ಯಂತ್ರ ಅರ್ಧ ಗ್ರಾಂ ಹೆಚ್ಚು ಸುರಿದರೆ ಇನ್ನೂರರಲ್ಲಿ ಗೊತ್ತಾಗುವುದಿಲ್ಲ, ಹದಿನೈದರಲ್ಲಿ ಅದು ಶೇಕಡಾ ಮೂರಕ್ಕೂ ಮೇಲೆ. ಅದಕ್ಕೂ ಒಂದು ಒಂದೂವರೆ ಪೈಸೆ ಹಾಕೋಣ. ಉಳಿದದ್ದು ದೊಡ್ಡದನ್ನು ಆಕರ್ಷಕವಾಗಿಸಲು ಸಣ್ಣದರ ಮೇಲೆ ಹೊರಿಸಿದ ಭಾರ. ಮೆಟ್ಟಿಲಿನ ತಳ ಮತ್ತು ತುದಿಯ ಅಂತರ ಹೀಗೆ ಇಪ್ಪತ್ತು ಪರ್ಸೆಂಟಿನ ಆಸುಪಾಸಿನಲ್ಲಿರುವುದೇ ಹೆಚ್ಚಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಮೂವತ್ತು ನಲವತ್ತಕ್ಕೆ ಒಯ್ಯುವುದು ಬಡವರ ಜೇಬಿನಿಂದ ಇದ್ದವರಿಗೆ ರಿಯಾಯಿತಿ ಕೊಟ್ಟಂತೆ. ವ್ಯಾಪಾರಕ್ಕೂ ಅದು ಒಳ್ಳೆಯದಲ್ಲ, ಏಕೆಂದರೆ ಅಂತರ ಅಷ್ಟಾದರೆ ದೊಡ್ಡ ಪ್ಯಾಕೆಟ್ ಒಡೆದು ಬಿಡಿಯಾಗಿ ಮಾರುವವರು ಹುಟ್ಟಿಕೊಳ್ಳುತ್ತಾರೆ. ಬಿಡಿ ಪುಡಿಯ ಘಮ ಬೇಗ ಹೋಗುತ್ತದೆ, ಅದರಲ್ಲಿ ಏನು ಬೆರೆತಿದೆ ಎಂದು ಹೇಳುವವರಿಲ್ಲ, ಕೆಟ್ಟ ಹೆಸರು ಮಾತ್ರ ಮೂಲ ತಯಾರಕರಿಗೆ.

ಕೊಳ್ಳುವವರಿಗೆ ಈ ಲೆಕ್ಕವೆಲ್ಲ ಬೇಕಿಲ್ಲ. ಪೊಟ್ಟಣ ಸರಕುಗಳ 2011ರ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ಬಂತು. ಅದುವರೆಗೆ ಚಹಾ, ಕಾಫಿ, ಬಿಸ್ಕತ್ತಿನಂಥ ಕೆಲವು ಸರಕುಗಳಿಗೆ ಇಂತಿಷ್ಟೇ ತೂಕದ ಪ್ಯಾಕೆಟ್ಟುಗಳೆಂಬ ಪಟ್ಟಿಯಿತ್ತು. ಆ ಪಟ್ಟಿಯನ್ನು ತೆಗೆದುಹಾಕಿ, ಅದರ ಬದಲು ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಬೆಲೆ ಎಂಬುದನ್ನು ಪ್ಯಾಕೆಟ್ ಮೇಲೆ ಬರೆಯಬೇಕೆಂದು ವಿಧಿಸಲಾಯಿತು. ಎಂಆರ್‌ಪಿಯ ಹತ್ತಿರವೇ ಯೂನಿಟ್ ಸೇಲ್ ಪ್ರೈಸ್ ಎಂದು ಸಣ್ಣ ಅಕ್ಷರಗಳಲ್ಲಿರುತ್ತದೆ. ಚಹಾ ಪುಡಿಯಾಗಲಿ ಖಾರದ ಪುಡಿಯಾಗಲಿ, ನೂರು ಮತ್ತು ಇನ್ನೂರೈವತ್ತು ಗ್ರಾಂ ಪ್ಯಾಕೆಟ್ಟುಗಳನ್ನು ಪಕ್ಕಪಕ್ಕ ಹಿಡಿದು ಆ ಒಂದು ಅಂಕಿಯನ್ನು ಹೋಲಿಸಿದರೆ ಸಾಕು. ದೊಡ್ಡದರಲ್ಲಿ ಅದು ಕಡಿಮೆ ಇದ್ದರೂ, ತೆರೆದ ಮೇಲೆ ಒಂದು ತಿಂಗಳೊಳಗೆ ಮುಗಿಯುವಷ್ಟನ್ನೇ ಕೊಳ್ಳುವುದು ಒಳ್ಳೆಯದು. ದಿನಕ್ಕೆ ಹತ್ತು ಗ್ರಾಂ ಸಾಂಬಾರ್ ಪುಡಿ ಬಳಸುವ ಮನೆಗೆ ಇನ್ನೂರು ಗ್ರಾಂ ಇಪ್ಪತ್ತು ದಿನ ಬರುತ್ತದೆ. ಒಬ್ಬರೇ ಇರುವ ಮನೆಗೆ ಐವತ್ತು ಗ್ರಾಂನದೇ ಸರಿ, ಗ್ರಾಂಗೆ ಎಂಟು ಪೈಸೆ ಹೆಚ್ಚಾದರೂ.

ಮೆಣಸಿನಕಾಯಿ ಮತ್ತೆ ಇಳಿದಾಗ ಮೊದಲು ಯಾವುದನ್ನು ಬದಲಿಸಬೇಕೆಂಬ ಪ್ರಶ್ನೆ ಬರುತ್ತದೆ. ಹೆಚ್ಚಿನವರು ದೊಡ್ಡ ಪ್ಯಾಕೆಟ್ಟಿನ ಬೆಲೆ ಇಳಿಸಿ ಸುಮ್ಮನಾಗುತ್ತಾರೆ. 12 ಗ್ರಾಂ ಹನ್ನೆರಡಾಗಿಯೇ ಉಳಿದು, ಇನ್ನೂರು ಗ್ರಾಂ ಮತ್ತೆ 112ಕ್ಕೆ ಇಳಿದರೆ ಗ್ರಾಂಗೆ 83 ಎಲ್ಲಿ, 56 ಎಲ್ಲಿ! ಸಣ್ಣ ಪ್ಯಾಕೆಟ್ಟನ್ನು 15ಕ್ಕೆ ಮರಳಿಸುವುದೂ ಅದೇ ವಾರ ಆಗಬೇಕು, ತೂಕ ಹೆಚ್ಚಿದೆ ಎಂದು ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ಹೇಳಬೇಕು.